ಸಂಘದ ಬಿಲ್ಲಿನಲ್ಲಿ ದಿಢೀರ್ ‘ವಿಶೇಷ ವಂತಿಗೆ’: ಬಾಡಿಗೆದಾರರು ಮಾಲೀಕರನ್ನು ಕೇಳುವುದು ಹೇಗೆ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ 1,150 ಚದರ ಅಡಿಯ ಮನೆಗೆ ಮೇ 1ರಂದು ಬಾಡಿಗೆಗೆ ಬಂದ ಕುಟುಂಬವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಚದರ ಅಡಿಗೆ 3.50 ರೂಪಾಯಿಯಂತೆ ತಿಂಗಳಿಗೆ 4,025 ರೂಪಾಯಿ ಮೇಂಟೆನೆನ್ಸ್ ಎಂದು ಮನೆ ನೋಡುವಾಗಲೇ ತಿಳಿಸಲಾಗಿತ್ತು, ಮೇ ತಿಂಗಳಲ್ಲಿ ಅಷ್ಟನ್ನೇ ಕಟ್ಟಿಯೂ ಆಗಿತ್ತು. ಜೂನ್ ಬಿಲ್ಲಿನಲ್ಲಿ ಮಾತ್ರ ಆ ಮೊತ್ತದ ಕೆಳಗೆ ‘ವಿಶೇಷ ವಂತಿಗೆ: 18,400 ರೂಪಾಯಿ’ ಎಂಬ ಒಂದೇ ಒಂದು ಸಾಲು ಸೇರಿಕೊಂಡಿದೆ. ಯಾವುದಕ್ಕೆ ಎಂಬ ವಿವರವಿಲ್ಲ. ಹತ್ತು ದಿನದೊಳಗೆ ಕಟ್ಟದಿದ್ದರೆ ಬಡ್ಡಿ ಸೇರುತ್ತದೆ ಎಂಬ ಸೂಚನೆ ಮಾತ್ರ ಇದೆ.

ಇಂಥ ಬಿಲ್ ಬಂದಾಗ ಹೆಚ್ಚಿನವರು ಹೋಗುವುದು ಸಂಘದ ಕಚೇರಿಗೆ ಅಥವಾ ಫೆಸಿಲಿಟಿ ಮ್ಯಾನೇಜರ್ ಬಳಿಗೆ. ಅಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ‘ಕಮಿಟಿಯಲ್ಲಿ ತೀರ್ಮಾನವಾಗಿದೆ, ಓನರ್‌ಗೆ ಮೇಲ್ ಹೋಗಿದೆ.’ ಕೇಳಲು ಒರಟೆನಿಸಿದರೂ ಈ ಉತ್ತರದಲ್ಲಿ ದಾರಿ ಅಡಗಿದೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರ ಪ್ರಕಾರ ಸಂಘವೆಂದರೆ ಮನೆಗಳ ಮಾಲೀಕರ ಸಂಘ. ಸಾಮಾನ್ಯ ವೆಚ್ಚದಲ್ಲಿ ಪಾಲು ಕೊಡುವ ಹೊಣೆಯೂ ಮಾಲೀಕರದ್ದು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘಗಳಲ್ಲೂ ಸಾಮಾನ್ಯವಾಗಿ ಮಾಲೀಕರೇ ಸದಸ್ಯರು. ಸಭೆಯ ನೋಟಿಸ್, ನಡಾವಳಿ, ಲೆಕ್ಕಪತ್ರ ಎಲ್ಲವೂ ಅವರ ಇಮೇಲಿಗೆ ಹೋಗುತ್ತವೆ, ಬಾಡಿಗೆದಾರರಿಗೆ ತಲುಪುವುದು ಬಿಲ್ ಮಾತ್ರ. ಬಾಡಿಗೆದಾರರಿಗೆ ಒಪ್ಪಂದವಿರುವುದು ಮಾಲೀಕರೊಂದಿಗೆ, ಸಂಘದೊಂದಿಗಲ್ಲ. ಆದ್ದರಿಂದ ಪ್ರಶ್ನೆಯನ್ನು ಮಾಲೀಕರಿಗೇ ಕೇಳಬೇಕು.

ಕೇಳುವ ಮೊದಲು ಮಾಡಬೇಕಾದ ಲೆಕ್ಕ

ಬಂದ ಮೊತ್ತವನ್ನು ಮನೆಯ ಚದರ ಅಡಿಯಿಂದ ಭಾಗಿಸಿ ನೋಡಿ. ಬಿಲ್ಲಿನಲ್ಲಿ ಯಾವ ವಿಸ್ತೀರ್ಣ ನಮೂದಾಗಿದೆಯೋ ಅದನ್ನೇ ಬಳಸಿ. 18,400ನ್ನು 1,150ರಿಂದ ಭಾಗಿಸಿದರೆ ಸರಿಯಾಗಿ 16 ಬರುತ್ತದೆ. ಹೀಗೆ ಪೂರ್ಣ ಸಂಖ್ಯೆ ಬಂದರೆ, ಎಲ್ಲ ಮನೆಗಳ ಮೇಲೂ ಚದರ ಅಡಿಗೆ ಇಂತಿಷ್ಟು ಎಂದು ಹಂಚಲಾಗಿದೆ ಎಂದೇ ತಿಳಿಯಬಹುದು. ಬಣ್ಣ ಬಳಿಯುವುದು, ಸೋರಿಕೆ ತಡೆಯುವ ಕೆಲಸ, ಲಿಫ್ಟ್ ಬದಲಿಸುವುದು ಮುಂತಾದ ದೊಡ್ಡ ಕೆಲಸಗಳಿಗೆ ಸಂಘಗಳು ಹಣ ಎತ್ತುವುದು ಹೆಚ್ಚಾಗಿ ಹೀಗೆಯೇ. ಪೂರ್ಣ ಸಂಖ್ಯೆ ಬರದಿದ್ದರೆ ಒಮ್ಮೆ 1.18ರಿಂದ ಭಾಗಿಸಿ ಮತ್ತೆ ನೋಡಿ, ಶೇ 18ರ ಜಿಎಸ್‌ಟಿ ಸೇರಿರಬಹುದು. ಆಗಲೂ ಬರದಿದ್ದರೆ ಅದು ನಿಮ್ಮ ಮನೆಗೆ ಮಾತ್ರ ಸಂಬಂಧಿಸಿದ ಮೊತ್ತವಾಗಿರುವ ಸಾಧ್ಯತೆ ಹೆಚ್ಚು: ನೀರಿನ ಮೀಟರ್ ಲೆಕ್ಕ, ದಂಡ, ಅಥವಾ ನೀವು ಬರುವ ಮೊದಲಿನ ಬಾಕಿ. ಹಿಂದಿನ ಬಾಡಿಗೆದಾರರು ಉಳಿಸಿಹೋದ ಬಾಕಿ ಹೊಸಬರ ಬಿಲ್ಲಿನಲ್ಲಿ ಬೇರೆ ಹೆಸರಿನಿಂದ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ.

ಆಮೇಲೆ ಬಾಡಿಗೆ ಕರಾರನ್ನು ತೆಗೆದು ಮೇಂಟೆನೆನ್ಸ್ ಬಗ್ಗೆ ಬರೆದಿರುವ ವಾಕ್ಯವನ್ನು ನಿಧಾನವಾಗಿ ಓದಿ. ‘ಮಾಸಿಕ ನಿರ್ವಹಣಾ ಶುಲ್ಕವನ್ನು ಬಾಡಿಗೆದಾರರು ಭರಿಸತಕ್ಕದ್ದು’ ಎಂದಿದ್ದರೆ, ಪ್ರತಿ ತಿಂಗಳೂ ಬರುವ ಕಾವಲು, ಸ್ವಚ್ಛತೆ, ಲಿಫ್ಟ್, ಜನರೇಟರ್, ನೀರಿನ ವೆಚ್ಚಗಳು ನಿಮ್ಮವು. ಕಟ್ಟಡದ ಬೆಲೆಯನ್ನೋ ಬಾಳಿಕೆಯನ್ನೋ ಹೆಚ್ಚಿಸುವ ಒಂದಾವರ್ತಿ ವೆಚ್ಚ ಅದರಲ್ಲಿ ಸೇರುವುದಿಲ್ಲ ಎಂದು ವಾದಿಸಲು ಗಟ್ಟಿಯಾದ ಆಧಾರವಿದೆ. ‘ಸಂಘವು ವಿಧಿಸುವ ಎಲ್ಲಾ ಶುಲ್ಕಗಳನ್ನು’ ಎಂದು ಬರೆದಿದ್ದರೆ ನಿಮ್ಮ ವಾದ ದುರ್ಬಲವಾಗುತ್ತದೆ. ಇದನ್ನು ಮುಚ್ಚಿಟ್ಟುಕೊಳ್ಳದೆ, ಹಕ್ಕಿನ ಮಾತಿಗಿಂತ ನ್ಯಾಯದ ಮಾತಾಗಿ ಮಾಲೀಕರ ಮುಂದಿಡುವುದು ಒಳ್ಳೆಯದು. ಕರ್ನಾಟಕ ಬಾಡಿಗೆ ಕಾಯ್ದೆ 1999 ತಮ್ಮನ್ನು ಕಾಯುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಬರುವ ವಾಸದ ಮನೆಗಳು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ಇಂದಿನ ಬಹುತೇಕ ಫ್ಲ್ಯಾಟ್‌ಗಳ ವಿಷಯದಲ್ಲಿ ಕೊನೆಗೆ ಮಾತಾಡುವುದು ನಿಮ್ಮ ಕರಾರುಪತ್ರವೇ.

ಪತ್ರದಲ್ಲಿ ಏನು ಕೇಳಬೇಕು

ಮೊದಲು ಫೋನ್ ಮಾಡಿ ವಿಷಯ ತಿಳಿಸುವುದು ಸೌಜನ್ಯ. ಮಾಲೀಕರು ಬೇರೆ ಊರಿನಲ್ಲೋ ವಿದೇಶದಲ್ಲೋ ಇದ್ದು ಸಂಘದ ಮೇಲ್‌ಗಳನ್ನು ತೆರೆದೇ ನೋಡಿರದಿದ್ದರೆ ಅವರಿಗೂ ಇದು ಹೊಸ ಸುದ್ದಿಯಾಗಿರುತ್ತದೆ. ಆದರೆ ಫೋನಿನಲ್ಲಿ ಆಡಿದ ಮಾತನ್ನು ಅದೇ ದಿನ ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಬೇಕು. ಮನೆ ಬಿಡುವಾಗ ಅಡ್ವಾನ್ಸ್ ಲೆಕ್ಕ ಹಾಕುವ ದಿನ ನೆರವಿಗೆ ಬರುವುದು ಆ ಬರಹ ಮಾತ್ರ.

‘ಇಷ್ಟೊಂದು ಯಾಕೆ?’ ಎಂದು ಕೇಳಿದರೆ ‘ಎಲ್ಲರೂ ಕಟ್ಟುತ್ತಿದ್ದಾರೆ’ ಎಂಬ ಉತ್ತರ ಬರುತ್ತದೆ. ಅದರ ಬದಲು ಇದು ಯಾವ ವೆಚ್ಚ, ಯಾವ ಅವಧಿಯದ್ದು, ಯಾವ ಸಭೆಯಲ್ಲಿ ತೀರ್ಮಾನವಾಯಿತು ಎಂದು ಕೇಳಿದರೆ ಉತ್ತರವಾಗಿ ದಾಖಲೆಯನ್ನೇ ತೋರಿಸಬೇಕಾಗುತ್ತದೆ. ಪತ್ರ ಹೀಗಿರಬಹುದು:

‘ಮಾನ್ಯರೇ, ನಮಸ್ಕಾರ. ತಮ್ಮ ಮನೆಯ ಜೂನ್ ತಿಂಗಳ ಬಿಲ್ಲಿನಲ್ಲಿ ಮಾಸಿಕ 4,025 ರೂಪಾಯಿಯ ಜೊತೆಗೆ ವಿಶೇಷ ವಂತಿಗೆ ಎಂದು 18,400 ರೂಪಾಯಿ ಸೇರಿಸಲಾಗಿದೆ. ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ಮಾಸಿಕ ಮೊತ್ತವನ್ನು ಎಂದಿನಂತೆ ಇಂದು ಪಾವತಿಸಿರುತ್ತೇನೆ. ವಿಶೇಷ ವಂತಿಗೆ ಯಾವ ಕೆಲಸಗಳಿಗೆ ಸಂಬಂಧಿಸಿದ್ದು, ಯಾವ ತಿಂಗಳುಗಳ ವೆಚ್ಚ ಅದರಲ್ಲಿದೆ ಎಂಬುದು ಬಿಲ್ಲಿನಿಂದ ತಿಳಿಯುತ್ತಿಲ್ಲ. ನಾನು ಸಂಘದ ಸದಸ್ಯನಲ್ಲವಾದ್ದರಿಂದ, ಸಂಘವು ತಮಗೆ ಕಳುಹಿಸಿರುವ ಸಭೆಯ ನಡಾವಳಿ ಮತ್ತು ಮೊತ್ತದ ವಿಂಗಡಣೆಯನ್ನು ದಯವಿಟ್ಟು ನನಗೆ ಕಳುಹಿಸಿಕೊಡಬೇಕು. ನಾನು ಮೇ 1ರಿಂದ ವಾಸವಿದ್ದು, ಆನಂತರದ ಮಾಸಿಕ ಬಳಕೆಗೆ ಸಂಬಂಧಿಸಿದ ಪಾಲು ಇದ್ದರೆ ಕರಾರಿನಂತೆ ಕೊಡಲು ಸಿದ್ಧನಿದ್ದೇನೆ. ಪಾವತಿಗೆ ಇದೇ 15ರವರೆಗೆ ಗಡುವಿರುವುದರಿಂದ 12ರೊಳಗೆ ತಮ್ಮ ಉತ್ತರ ದೊರೆತರೆ ಅನುಕೂಲ.’

ಈ ಪತ್ರದಲ್ಲಿ ಮಾಸಿಕ ಮೊತ್ತ ಕಟ್ಟಿದ್ದೇನೆ ಎಂಬ ಸಾಲನ್ನು ಯಾವ ಕಾರಣಕ್ಕೂ ಬಿಡಬಾರದು. ವಿವಾದವಿರುವ ಭಾಗಕ್ಕಾಗಿ ಇಡೀ ಬಿಲ್ಲನ್ನೇ ತಡೆಹಿಡಿದರೆ ಬಡ್ಡಿ ಇಡೀ ಮೊತ್ತದ ಮೇಲೆ ಬೀಳುತ್ತದೆ, ನೀವೇ ಬಾಕಿದಾರರೆಂದು ಕಾಣಿಸುತ್ತೀರಿ. ಬಿಲ್ ಬರುವ ಆ್ಯಪ್‌ನಲ್ಲಿ ಭಾಗಶಃ ಪಾವತಿಗೆ ಅವಕಾಶವಿಲ್ಲದಿದ್ದರೆ ಬ್ಯಾಂಕ್ ಖಾತೆಗೆ ನೇರವಾಗಿ ಹಾಕಿ, ಟಿಪ್ಪಣಿಯಲ್ಲಿ ಮನೆ ಸಂಖ್ಯೆಯನ್ನೂ ‘ಜೂನ್ ಮಾಸಿಕ ಶುಲ್ಕ’ ಎಂಬುದನ್ನೂ ಬರೆಯಿರಿ. ಇಲ್ಲವಾದರೆ ಸಂಘದ ಖಜಾಂಚಿ ಆ ಹಣವನ್ನು ವಿಶೇಷ ವಂತಿಗೆಗೆ ಜಮಾ ಮಾಡಿ, ಮಾಸಿಕ ಶುಲ್ಕವನ್ನೇ ಬಾಕಿ ತೋರಿಸಿಬಿಡಬಹುದು.

ವಿಂಗಡಣೆ ಕೈಗೆ ಬಂದಾಗ

ನಮ್ಮ ಉದಾಹರಣೆಯಲ್ಲಿ ಮಾಲೀಕರು ನಡಾವಳಿಯನ್ನು ಕಳುಹಿಸಿದರು ಎಂದುಕೊಳ್ಳೋಣ. ಚದರ ಅಡಿಗೆ 16 ರೂಪಾಯಿಯಲ್ಲಿ 11 ರೂಪಾಯಿ ಹೊರಗೋಡೆಯ ಬಣ್ಣ ಮತ್ತು ತಾರಸಿಯ ಸೋರಿಕೆ ತಡೆಗೆ, 3 ರೂಪಾಯಿ ಹೊಸ ಕೊಳವೆಬಾವಿಗೆ, 2 ರೂಪಾಯಿ ಮಾರ್ಚ್‌ನಿಂದ ಮೇವರೆಗೆ ತರಿಸಿದ ಟ್ಯಾಂಕರ್ ನೀರಿನ ಕೊರತೆ ತುಂಬಲು. ಈ ಮನೆಯ ಮಟ್ಟಿಗೆ ಇವು ಕ್ರಮವಾಗಿ 12,650, 3,450 ಮತ್ತು 2,300 ರೂಪಾಯಿ.

ಬಣ್ಣ ಮತ್ತು ಸೋರಿಕೆ ತಡೆಯ ಕೆಲಸ ಹಲವು ವರ್ಷ ಬಾಳುವಂಥದ್ದು, ಹನ್ನೊಂದು ತಿಂಗಳ ಕರಾರಿನಲ್ಲಿ ಇರುವವರು ಅದರ ಪೂರ್ತಿ ವೆಚ್ಚ ಹೊರುವುದರಲ್ಲಿ ಅರ್ಥವಿಲ್ಲ. ಕೊಳವೆಬಾವಿಯೂ ಹಾಗೆಯೇ. ಆ ನೀರನ್ನು ನೀವೂ ಬಳಸುತ್ತೀರಲ್ಲ ಎಂದು ಮಾಲೀಕರು ಹೇಳಬಹುದು. ಬಳಸುವುದು ನಿಜ, ಆದರೆ ಬಾವಿ ಆಸ್ತಿಯ ಭಾಗವಾಗಿ ಮಾಲೀಕರಿಗೇ ಉಳಿಯುತ್ತದೆ. ಬಳಕೆಗೆ ತಗಲುವ ಪಂಪಿನ ವಿದ್ಯುತ್ ವೆಚ್ಚ ಮಾಸಿಕ ಶುಲ್ಕದಲ್ಲೇ ಬರುತ್ತದೆ.

ಟ್ಯಾಂಕರ್ ನೀರಿನ ವಿಷಯ ಬೇರೆ. ಅದು ಕುಡಿದು, ಬಳಸಿ ಮುಗಿದ ನೀರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರಿನ ಎಷ್ಟೋ ಸಂಘಗಳು ಟ್ಯಾಂಕರನ್ನೇ ನೆಚ್ಚಿಕೊಂಡಿದ್ದವು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತವು ಟ್ಯಾಂಕರ್ ದರವನ್ನೇ ನಿಗದಿ ಮಾಡಬೇಕಾಯಿತು. ಇಂಥ ವೆಚ್ಚವನ್ನು ನಿರಾಕರಿಸುವುದು ಸರಿಯಲ್ಲ. ಆದರೆ ನೀವು ಇಲ್ಲದ ತಿಂಗಳುಗಳ ನೀರಿನ ಹಣ ನಿಮ್ಮದಲ್ಲ. ಆದ್ದರಿಂದ ತಿಂಗಳುವಾರು ಲೆಕ್ಕ ಕೇಳಿ. ಮಾರ್ಚ್ ಮತ್ತು ಏಪ್ರಿಲ್‌ಗೆ ತಲಾ 850, ಮೇ ತಿಂಗಳಿಗೆ 600 ರೂಪಾಯಿ ಎಂದು ಬಂದರೆ ನೀವು ಕೊಡಬೇಕಾದದ್ದು 600 ರೂಪಾಯಿ. ಉಳಿದ 17,800 ರೂಪಾಯಿ ಮಾಲೀಕರ ಪಾಲು. ಜಿಎಸ್‌ಟಿ ಇದ್ದರೆ ಆಯಾ ಭಾಗದ ಜೊತೆಗೇ ಅದೂ ಹೋಗಬೇಕು.

ಈ ಲೆಕ್ಕವನ್ನು ಮಾಲೀಕರಿಗೆ ಬರೆದು ಕಳುಹಿಸಿ, 600 ರೂಪಾಯಿಯನ್ನು ಕೂಡಲೇ ಕಟ್ಟಿ.

ಮಾಲೀಕರು ಒಪ್ಪದಿದ್ದರೆ

ಉತ್ತರವೇ ಬಾರದಿದ್ದರೆ ಗಡುವಿಗೆ ಎರಡು ದಿನ ಮುಂಚೆ ಒಂದು ಜ್ಞಾಪನೆ ಕಳುಹಿಸಿ. ಸಂಘಕ್ಕೂ ಎರಡು ಸಾಲು ಬರೆಯಿರಿ: ವಿಶೇಷ ವಂತಿಗೆ ಮಾಲೀಕರಿಗೆ ಸಂಬಂಧಿಸಿದ್ದು, ಅವರಿಗೆ ತಿಳಿಸಲಾಗಿದೆ, ವಸೂಲಿಗೆ ಅವರನ್ನೇ ಸಂಪರ್ಕಿಸಬೇಕು. ಸಂಘದೊಂದಿಗೆ ಇದಕ್ಕಿಂತ ಹೆಚ್ಚಿನ ವಾದ ಬೇಡ. ವಂತಿಗೆ ಹೆಚ್ಚಾಯಿತೇ, ಸಭೆ ಸರಿಯಾಗಿ ನಡೆಯಿತೇ ಎಂಬುದನ್ನು ಪ್ರಶ್ನಿಸಬೇಕಾದವರು ಸದಸ್ಯರಾದ ಮಾಲೀಕರು.

ಕೆಲವೊಮ್ಮೆ ಮಾಲೀಕರು ‘ಈಗ ನೀವೇ ಕಟ್ಟಿಬಿಡಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಬಡ್ಡಿ ತಪ್ಪಿಸಲು ಕಟ್ಟಬೇಕಾಗಿ ಬಂದರೆ, ಕಟ್ಟುವ ಮೊದಲೇ ‘ಜುಲೈ ಬಾಡಿಗೆಯಲ್ಲಿ 17,800 ರೂಪಾಯಿ ಹೊಂದಿಸಿಕೊಳ್ಳಲು ಒಪ್ಪಿದ್ದೇನೆ’ ಎಂಬ ಅವರ ಬರಹವನ್ನು ಪಡೆದುಕೊಳ್ಳಿ. ಒಪ್ಪಿಗೆಯಿಲ್ಲದೆ ಬಾಡಿಗೆಯಲ್ಲಿ ಮುರಿದುಕೊಳ್ಳಲೇಬೇಡಿ. ಕಟ್ಟಡದ ಬಣ್ಣದ ಬಗ್ಗೆ ಇದ್ದ ಜಗಳ ಅಲ್ಲಿಂದ ಮುಂದೆ ಬಾಡಿಗೆ ಬಾಕಿಯ ಜಗಳವಾಗಿ, ನ್ಯಾಯ ನಿಮ್ಮ ಕಡೆಗಿದ್ದರೂ ತಪ್ಪು ನಿಮ್ಮದಾಗುತ್ತದೆ.

ಬಾಕಿಯನ್ನು ಮಾಲೀಕರೂ ಕಟ್ಟದೆ ಹಾಗೆಯೇ ಬಿಟ್ಟರೆ ಅದು ಮತ್ತೆ ಎದುರಾಗುವುದು ಮನೆ ಖಾಲಿ ಮಾಡುವ ದಿನ. ಬಾಕಿ ಇಲ್ಲವೆಂಬ ಪತ್ರವಿಲ್ಲದೆ ಸಾಮಾನಿನ ಲಾರಿಯನ್ನು ಗೇಟಿನಿಂದ ಹೊರಗೆ ಬಿಡದ ಪದ್ಧತಿ ಹಲವು ಕಡೆ ಇದೆ. ಹಾಗಾಗಿ ಖಾಲಿ ಮಾಡುವ ಒಂದು ತಿಂಗಳ ಮುಂಚೆಯೇ ಸಂಘದಿಂದ ಬಾಕಿ ವಿವರ ತರಿಸಿ, ಹಳೆಯ ಪತ್ರವ್ಯವಹಾರದ ಜೊತೆಗೆ ಮಾಲೀಕರಿಗೆ ಕಳುಹಿಸಬೇಕು.

ಕರಾರನ್ನು ನವೀಕರಿಸುವಾಗ ಮೇಂಟೆನೆನ್ಸ್ ವಾಕ್ಯದ ಮುಂದೆ ಇದನ್ನು ಸೇರಿಸಲು ಕೇಳಿ: ‘ಸಂಘವು ವಿಧಿಸುವ ಮಾಸಿಕ ನಿರ್ವಹಣಾ ಶುಲ್ಕ ಮತ್ತು ವಾಸದ ಅವಧಿಯ ನೀರಿನ ವೆಚ್ಚವನ್ನು ಬಾಡಿಗೆದಾರರೂ, ಕಾರ್ಪಸ್ ನಿಧಿ, ಸಿಂಕಿಂಗ್ ಫಂಡ್, ದೊಡ್ಡ ದುರಸ್ತಿ ಹಾಗೂ ಇತರ ಎಲ್ಲ ಒಂದಾವರ್ತಿ ವಂತಿಗೆಗಳನ್ನು ಮಾಲೀಕರೂ ಭರಿಸತಕ್ಕದ್ದು.’