ಒಂದೇ ಡೇಟಾಸೆಟ್ ಹಿಡಿದು ಎಂಎಲ್ ಇಂಟರ್‌ವ್ಯೂ ಗೆದ್ದದ್ದು: ನನ್ನ ಅನುಭವ

ಮೆಷಿನ್ ಲರ್ನಿಂಗ್ ಇಂಟರ್‌ವ್ಯೂಗೆ ಅಂತ ಇನ್ನೂರು ಪ್ರಶ್ನೆಗಳ ಪಿಡಿಎಫ್ ಬಾಯಿಪಾಠ ಮಾಡೋದನ್ನು ಬಿಟ್ಟು, ಒಂದೇ ಡೇಟಾಸೆಟ್ ಹಿಡಿದು ಕೂರ್ತೀನಿ ಅಂದಾಗ ರೂಮ್‌ಮೇಟ್‌ಗಳು ಯಾರೂ ಒಪ್ಪಲಿಲ್ಲ. ಅದಕ್ಕೆ ಮೊದಲು ಒಂದು ಕೋರ್ಸ್‌ಗೆ ನಲವತ್ತು ಸಾವಿರದ ಹತ್ತಿರ ಸುರಿದಿದ್ದೆ. ಅಲ್ಲಿ ಸಿಕ್ಕಿದ್ದು ಬರೀ ವ್ಯಾಖ್ಯಾನಗಳು. ಪ್ರಿಸಿಶನ್ ಅಂದರೇನು ಅಂತ ಹೇಳಿದರೆ ಯಾರೂ ಕೆಲಸ ಕೊಡಲ್ಲ. ಮುಂದಿನ ಪ್ರಶ್ನೆಯಲ್ಲೇ ಎಲ್ಲರೂ ಸಿಕ್ಕಿಬೀಳೋದು.

ನಾನು ಆರಿಸಿಕೊಂಡಿದ್ದು ಕ್ಯಾಗಲ್‌ನ ಕ್ರೆಡಿಟ್ ಕಾರ್ಡ್ ಮೋಸದ ಡೇಟಾ. ನಿಮಗೆಲ್ಲ ಗೊತ್ತಿರುವುದೇ. 2013ರ ಸೆಪ್ಟೆಂಬರ್‌ನ ಎರಡು ದಿನ, ಯುರೋಪಿನ ಕಾರ್ಡ್‌ಗಳು, 2,84,807 ವಹಿವಾಟು, ಅದರಲ್ಲಿ ಮೋಸ 492. ಎಲ್ಲವನ್ನೂ 'ಸರಿ ಇದೆ' ಅಂತ ಹೇಳುವ ಮಾಡೆಲ್‌ಗೂ ಇಲ್ಲಿ 99.8% ಆಕ್ಯುರಸಿ ಬರುತ್ತದೆ. ಇದನ್ನು ಎಲ್ಲ ಅಭ್ಯರ್ಥಿಗಳೂ ಹೇಳ್ತಾರೆ. ನಾನು ಅಲ್ಲಿಗೆ ನಿಲ್ಲಿಸಲಿಲ್ಲ.

ಟೆಸ್ಟ್‌ಗೆ 20% ಎತ್ತಿಟ್ಟರೆ ಸುಮಾರು 57,000 ವಹಿವಾಟು, ಅದರಲ್ಲಿ ಮೋಸ 98. ನನ್ನ ಮಾಡೆಲ್ 100ರ ಮೇಲೆ ಅನುಮಾನ ಪಟ್ಟಿತು, ಅದರಲ್ಲಿ 80 ನಿಜವಾದ ಮೋಸ. ಎಷ್ಟು ಅನುಮಾನ ಬಂದರೆ ಮೋಸ ಅನ್ನಬೇಕು ಎಂಬ ಗೆರೆ, ಅಂದರೆ ಥ್ರೆಶೋಲ್ಡ್, ಇಳಿಸಿದೆ. ಈಗ ಸಿಕ್ಕಿದ್ದು 90, ಆದರೆ ಅನುಮಾನ ಪಟ್ಟಿದ್ದು ಸಾವಿರ. (ನೆನಪಿನಿಂದ ಬರೀತಿದ್ದೀನಿ, ಆಚೀಚೆ ಇರಬಹುದು.) ಯಾವುದು ಒಳ್ಳೆಯದು? ಇದು ಇಂಟರ್‌ವ್ಯೂನಲ್ಲಿ ಖಂಡಿತ ಬರುತ್ತೆ, ಇದಕ್ಕೆ ಉತ್ತರ ದುಡ್ಡಿನ ಲೆಕ್ಕದಲ್ಲಿದೆ. ಒಬ್ಬ ಗ್ರಾಹಕರಿಗೆ ಫೋನ್ ಮಾಡಿ ವಿಚಾರಿಸಲು 40 ರೂಪಾಯಿ ಅಂತ ಇಟ್ಟುಕೊಳ್ಳಿ. ಹೆಚ್ಚುವರಿ 900 ಫೋನ್‌ಗೆ 36,000. ಅದರಿಂದ ಸಿಕ್ಕಿದ್ದು 10 ಮೋಸ. ಅಂದರೆ ಒಂದೊಂದು ಮೋಸದಲ್ಲೂ 3,600ಕ್ಕಿಂತ ಜಾಸ್ತಿ ಉಳಿದರೆ ಮಾತ್ರ ಲಾಭ. ಈ ಡೇಟಾದಲ್ಲಿ ಮೋಸದ ಸರಾಸರಿ ಮೊತ್ತ 122 ಯೂರೋ, ಅಂದರೆ ಈಗಿನ ಲೆಕ್ಕದಲ್ಲಿ ಹತ್ತು ಸಾವಿರ ದಾಟುತ್ತದೆ. ಲಾಭವೇ ಅನ್ನಿಸುತ್ತೆ ಅಲ್ವಾ? ಆದರೆ ಅರ್ಧಕ್ಕರ್ಧ ಮೋಸಗಳು ಹತ್ತು ಯೂರೋ ಒಳಗಿನವು. ಹಾಗಾಗಿ ಹೊಸದಾಗಿ ಸಿಕ್ಕ ಆ 10 ಯಾವುವು ಅಂತ ತೆರೆದು ನೋಡಲೇಬೇಕು. ಇಷ್ಟು ಹೇಳಿದ ಮೇಲೆ ಎದುರಿಗಿದ್ದವರು ಪ್ರಶ್ನೆಪಟ್ಟಿ ಪಕ್ಕಕ್ಕಿಟ್ಟರು. ಥ್ರೆಶೋಲ್ಡ್ ಆರಿಸೋದು ವ್ಯಾಲಿಡೇಶನ್ ಡೇಟಾದಲ್ಲಿ, ಟೆಸ್ಟ್‌ನಲ್ಲಲ್ಲ ಅಂತಲೂ ಅವರು ಕೇಳುವ ಮೊದಲೇ ಹೇಳಿಬಿಡಿ. 

ಓವರ್‌ಫಿಟಿಂಗ್‌ಗೆ ಬರೋಣ. 'ಟ್ರೇನ್ ಸ್ಕೋರ್ ಜಾಸ್ತಿ, ಟೆಸ್ಟ್ ಸ್ಕೋರ್ ಕಡಿಮೆ' ಎಂಬ ಉತ್ತರ ಸಾಲದು. ಪೂರ್ತಿ ಬೆಳೆಸಿದ ರ‍್ಯಾಂಡಮ್ ಫಾರೆಸ್ಟ್‌ನಲ್ಲಿ ಟ್ರೇನ್ ಸ್ಕೋರ್ ಯಾವಾಗಲೂ ಹೆಚ್ಚುಕಮ್ಮಿ ನೂರೇ ಇರುತ್ತದೆ. ಅಂತರ ನೋಡಿ ಮಾಡೆಲ್ ಕೆಟ್ಟಿದೆ ಅನ್ನಲಾಗದು. ಡೆಪ್ತ್ ಬದಲಿಸುತ್ತಾ ವ್ಯಾಲಿಡೇಶನ್ ಸ್ಕೋರ್ ಎಲ್ಲಿ ಬೀಳಲು ಶುರುವಾಗುತ್ತೆ ಅಂತ ನೋಡಬೇಕು.

ಇನ್ನೊಂದು ಕಡೆ ಅಂತರವೇ ಕಾಣಲ್ಲ, ಆದರೂ ಮಾಡೆಲ್ ಕೆಟ್ಟಿರುತ್ತದೆ. ಬೇಕಂತಲೇ ಪ್ರಯೋಗ ಮಾಡಿದೆ: ಮೊದಲು ಮೋಸದ ಸಾಲುಗಳಂಥ ನಕಲಿ ಸಾಲುಗಳನ್ನು ಹುಟ್ಟಿಸುವ ಸ್ಮೋಟ್ ಹಾಕಿ, ಆಮೇಲೆ ಡೇಟಾ ಸ್ಪ್ಲಿಟ್ ಮಾಡಿದೆ. ರೀಕಾಲ್, ಅಂದರೆ ಇರುವ ಮೋಸಗಳಲ್ಲಿ ಹಿಡಿದ ಪಾಲು, ಹತ್ತಿರ ಹತ್ತಿರ 99%! ಮೊದಲು ಸ್ಪ್ಲಿಟ್ ಮಾಡಿ, ಟ್ರೇನ್‌ಗೆ ಮಾತ್ರ ಸ್ಮೋಟ್ ಹಾಕಿದರೆ ಎಂಬತ್ತರ ಆಸುಪಾಸಿಗೆ ಇಳಿಯಿತು. ಒಂದೇ ಮೋಸದಿಂದ ಹುಟ್ಟಿದ ನಕಲಿ ಸಾಲುಗಳು ಎರಡೂ ಕಡೆ ಸೇರಿಕೊಂಡಿದ್ದವು. ಇದನ್ನು ಹಿಡಿಯೋದು ಸುಲಭ. ಟೆಸ್ಟ್‌ನಲ್ಲಿ ಮೋಸದ ಪಾಲು 0.17% ಇರಬೇಕಾದ ಕಡೆ 50% ಇದ್ದರೆ ಆ ಸ್ಕೋರ್ ನಂಬಬೇಡಿ. ಸಾರ್ವಜನಿಕ ನೋಟ್‌ಬುಕ್‌ಗಳಲ್ಲಿ ಈ ತಪ್ಪು ಬೇಕಾದಷ್ಟಿದೆ.

ಇನ್ನೊಂದು ಪ್ರಯೋಗ: ಮೊದಲ ದಿನದಲ್ಲಿ ಕಲಿಸಿ, ಎರಡನೇ ದಿನದಲ್ಲಿ ಪರೀಕ್ಷೆ.

```python
train = df[df.Time < 86400]
test  = df[df.Time >= 86400]
```

ಸ್ಕೋರ್ ಸ್ವಲ್ಪ ಕುಸಿಯಿತು. ಬ್ಯಾಂಕಿನಲ್ಲಿ ನಿಜವಾಗಿ ನಡೆಯೋದು ಹೀಗೇ, ನಾಳಿನ ವಹಿವಾಟು ನೋಡಿ ಇವತ್ತು ಯಾರೂ ಕಲಿಯಲ್ಲ. ಎರಡೇ ದಿನದ ಡೇಟಾ ಆದ್ದರಿಂದ ಇದರಿಂದ ದೊಡ್ಡ ತೀರ್ಮಾನಕ್ಕೆ ಬರುವಂತಿಲ್ಲ, ಅದನ್ನೂ ಹೇಳಿದೆ.

ಕೊನೆಗೆ, ಟೆಕ್ನಿಕಲ್ ಅಲ್ಲದವರಿಗೆ ವಿವರಿಸೋದು. ಇದಕ್ಕೆ ಬ್ಯಾಂಕಿನಿಂದ ರಿಟೈರ್ ಆದ ದೊಡ್ಡಪ್ಪನ ಮುಂದೆ ಕೂತು ಅಭ್ಯಾಸ ಮಾಡಿದೆ. ರೀಕಾಲ್ 82% ಅಂದಾಗ ಅವರು, "ಅದೆಲ್ಲ ಇರ್ಲಿ ಕಣಪ್ಪ, ದಿನಕ್ಕೆ ಎಷ್ಟು ಜನಕ್ಕೆ ಫೋನ್ ಮಾಡಿಸ್ತೀಯ? ಎಷ್ಟು ಕೈ ತಪ್ಪುತ್ತೆ?" ಅಂದರು. ಅಲ್ಲಿಂದ ಶೇಕಡಾ ಬಿಟ್ಟೆ. "ಸಾರ್, 100 ಜನಕ್ಕೆ ಫೋನ್ ಮಾಡಿದರೆ 80 ಮೋಸ ಸಿಗುತ್ತೆ. 20 ಜನಕ್ಕೆ ಸುಮ್ನೆ ಕಿರಿಕಿರಿ ಆಗುತ್ತೆ. 18 ಮೋಸ ನಮ್ಮ ಕಣ್ಣಿಗೆ ಬೀಳಲ್ಲ." ಬ್ರಾಂಚ್ ಮ್ಯಾನೇಜರ್‌ಗೆ ಹೇಳಿದಂತೆ ಹೇಳಿ ಅಂತ ಪ್ಯಾನಲ್ ಕೇಳಿದಾಗ ಇದನ್ನೇ ಹೇಳಿದೆ. ಕೊನೆಯ 18ನ್ನು ಬಚ್ಚಿಡದೆ ಹೇಳಿದ್ದು ಅವರಿಗೆ ಹಿಡಿಸಿತು. ಎರಡು ಕಡೆಯಿಂದ ಆಫರ್ ಬಂತು, ಸಂಬಳ ಹಳೆಯದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು. ಅದೇ ರೂಮ್‌ಮೇಟ್‌ಗಳು ಈಗ ನನ್ನ ನೋಟ್‌ಬುಕ್ ಕೇಳ್ತಿದ್ದಾರೆ.