ಎರಡು ಸಲ ಇಂಟಿಗ್ರೇಟ್ ಮಾಡಿದ್ದು, ಒಂದು ಶೀಟು ಒಡೆದದ್ದು: ನನ್ನ ಅನುಭವ

ಸೆಕೆಂಡ್ ಪಿಯು ಮಕ್ಕಳಿಗೆ ಮನೆಯಲ್ಲೇ ಲೆಕ್ಕ ಹೇಳಿಕೊಡುತ್ತೇನೆ. ವೇಗೋತ್ಕರ್ಷ ಕೊಟ್ಟು, ಆರಂಭದ ಎತ್ತರ, ಆರಂಭದ ವೇಗ ಕೊಟ್ಟು, ಸ್ಥಾನದ ಫಂಕ್ಷನ್ ಹುಡುಕಿ ಅನ್ನುವ ಲೆಕ್ಕ ನನಗೆ ಮೂರು ವರ್ಷ ಕಾಟ ಕೊಟ್ಟಿದೆ. ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರೊಬ್ಬರು, "ಮೇಷ್ಟ್ರೇ, ಸುಮ್ನೆ s = ut + ½at² ಬಾಯಿಪಾಠ ಮಾಡಿಸಿ, ಟೆರೇಸು ಚೆಂಡು ಎಲ್ಲ ಯಾಕೆ?" ಅಂತ ನಕ್ಕಿದ್ದರು. ಈ ವರ್ಷ ಅದೇ ಟೆರೇಸು, ಅದೇ ಚೆಂಡು ಕೆಲಸ ಮಾಡಿತು. ಅದಕ್ಕೇ ಬರೆಯುತ್ತಿದ್ದೇನೆ.

ಬಾಯಿಪಾಠದ ತೊಂದರೆ ಎಲ್ಲಿ ಅಂತ ಮೊದಲು ಹೇಳುತ್ತೇನೆ. ಆ ಸೂತ್ರದಲ್ಲಿ ಆರಂಭದ ಎತ್ತರಕ್ಕೆ ಜಾಗವೇ ಇಲ್ಲ. ಟೆರೇಸಿನಿಂದ ಮೇಲಕ್ಕೆ ಎಸೆದ ಚೆಂಡು ಅಂದ ತಕ್ಷಣ ಮಕ್ಕಳು ಎತ್ತರವನ್ನು ಎಲ್ಲಿ ತುರುಕಬೇಕು ಅಂತ ತಡವರಿಸುತ್ತಾರೆ. ಸರಿ, ಇಂಟಿಗ್ರೇಟ್ ಮಾಡಿಸೋಣ ಅಂದರೆ ಅಲ್ಲಿ ಬೇರೆ ಗೋಳು. ಎರಡು ಸಲಕ್ಕೂ C ಅಂತಲೇ ಬರೆಯುತ್ತಾರೆ. ಮೊದಲ ಸಲದ C ಎರಡನೇ ಸಲಕ್ಕೆ Ct ಆಗಬೇಕು, ಅದನ್ನು ಹಾಗೇ ಬಿಟ್ಟು ಇನ್ನೊಂದು C ಪಕ್ಕದಲ್ಲಿ ಕೂರಿಸುತ್ತಾರೆ. ಒಬ್ಬ ಹುಡುಗ ಎರಡೂ C ಒಂದೇ ಅಂದುಕೊಂಡು, ಎತ್ತರದ ಸಂಖ್ಯೆಯನ್ನೇ ವೇಗಕ್ಕೂ ಹಾಕಿದ್ದ. ಉತ್ತರ ನೋಡಿದರೆ ಚೆಂಡನ್ನು ಯಾವುದೋ ಫಾಸ್ಟ್ ಬೌಲರ್ ಎಸೆದ ಹಾಗಿತ್ತು.

ನಾನು ಮಾಡಿದ ಬದಲಾವಣೆ ಸಣ್ಣದು. ಕಾನ್‌ಸ್ಟಂಟ್ ಹುಟ್ಟಿದ ಸಾಲಿನಲ್ಲೇ ಅದರ ಲೆಕ್ಕ ಚುಕ್ತಾ ಆಗಬೇಕು. ಸಾಲ ಮುಂದಿನ ಸಾಲಿಗೆ ಹೋಗಕೂಡದು. ನಮ್ಮ ಟೆರೇಸಿನ ಲೆಕ್ಕ ಹೀಗೆ ಬರುತ್ತದೆ (ಮೇಲಕ್ಕೆ ಪ್ಲಸ್, ನೆಲ ಸೊನ್ನೆ):

```
s''(t) = -9.8
s'(t)  = -9.8t + C1      s'(0) = 7    →  C1 = 7
s(t)   = -4.9t² + 7t + C2    s(0) = 9.6  →  C2 = 9.6
```

ಎರಡನೇ ಸಲ ಇಂಟಿಗ್ರೇಟ್ ಮಾಡುವಾಗ ಕೈಯಲ್ಲಿ C1 ಇರುವುದೇ ಇಲ್ಲ, 7 ಇರುತ್ತದೆ. 7ನ್ನು ಇಂಟಿಗ್ರೇಟ್ ಮಾಡಿದರೆ 7t ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಷ್ಟೇ. ಇಷ್ಟಕ್ಕೆ ಮೂರು ವರ್ಷ ಯಾಕೆ ಬೇಕಾಯಿತು ಅಂತ ನನಗೇ ನಾಚಿಕೆ.

ಬೋರ್ಡಿನ ಮೇಲೆ ಸರಿ ಬಂತು. ಆದರೆ ನೆಲಕ್ಕೆ ಬೀಳುವ ಹೊತ್ತನ್ನು ಮೊದಲೇ ಬರೆದಿಟ್ಟು, ಆಮೇಲೆ ಚೆಂಡು ಎಸೆದು ತೋರಿಸಬೇಕು ಅನ್ನುವುದು ನನ್ನ ಹಟ. ಮೊದಲ ದಿನ ಸ್ಟಾಪ್‌ವಾಚ್ ಹಿಡಿದು ಸೋತೆ. ಬೆರಳು ಒತ್ತುವುದರಲ್ಲೇ ಕಾಲು ಸೆಕೆಂಡ್ ಅತ್ತಿತ್ತ ಆಗುತ್ತದೆ. ಎರಡನೇ ದಿನ ಎದುರು ಮನೆಯ ಟೆರೇಸಿನಲ್ಲಿ ಭಾಮೈದನನ್ನು ನಿಲ್ಲಿಸಿ, ಫೋನಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮಿನ ವಿಡಿಯೊ ತೆಗೆಸಿದೆ. ಚೆಂಡು ಪಕ್ಕದ ಖಾಲಿ ಸೈಟಿಗೆ ಬೀಳಬೇಕಿತ್ತು, ಅದರಾಚೆಯ ಸ್ಕೂಟರ್ ಶೆಡ್ಡಿನ ಸಿಮೆಂಟ್ ಶೀಟಿಗೆ ಬಿತ್ತು. ಶೀಟಿಗೆ ಸಾವಿರದ ನೂರೋ ಇನ್ನೂರೋ ಕೊಟ್ಟೆ. ಲೆದರ್ ಬಾಲು ಮುನ್ನೂರೈವತ್ತು. ಅಳತೆಯ ಟೇಪು, ಚಹಾ ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಹೋಯಿತು. ಆ ತಿಂಗಳು ಮನೆಯಲ್ಲಿ ಈ ವಿಷಯ ಎತ್ತಲಿಲ್ಲ.

ಮೂರನೇ ದಿನದ ವಿಡಿಯೊ ಚೆನ್ನಾಗಿ ಬಂತು, ಲೆಕ್ಕ ತಾಳೆಯಾಗಲಿಲ್ಲ. ಲೆಕ್ಕ 2.17 ಸೆಕೆಂಡ್ ಅನ್ನುತ್ತಿತ್ತು, ವಿಡಿಯೊ 2.3ರ ಮೇಲೆ. ಇಂಟಿಗ್ರೇಷನ್ ಮತ್ತೆ ಮತ್ತೆ ನೋಡಿದೆ, ತಪ್ಪಿಲ್ಲ. ಕೊನೆಗೆ ಒಬ್ಬಳು ಹುಡುಗಿ ಕೇಳಿದಳು: "ಸಾರ್, ಚೆಂಡು ಟೆರೇಸಿನ ನೆಲದಿಂದ ಹೊರಟಿತಾ, ನಿಮ್ಮ ಕೈಯಿಂದ ಹೊರಟಿತಾ?" ನಾನು ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ಅಳೆದಿದ್ದು ಟೆರೇಸಿನ ನೆಲದವರೆಗೆ, 7.9 ಮೀಟರ್. ಕೈ ಬಿಟ್ಟ ಜಾಗ ಅದಕ್ಕಿಂತ 1.7 ಮೀಟರ್ ಮೇಲೆ. s(0) ಅಂದರೆ ಗಡಿಯಾರ ಶುರುವಾದ ಗಳಿಗೆಯಲ್ಲಿ ಚೆಂಡು ಎಲ್ಲಿದೆ ಅನ್ನುವುದು. ವರ್ಷಗಟ್ಟಲೆ ಹೇಳಿಕೊಟ್ಟವನು ನಾನೇ ಅದನ್ನು ಮರೆತಿದ್ದೆ. 9.6 ಹಾಕಿದ ಮೇಲೆ ಸೊನ್ನೆಗೆ ಸಮ ಮಾಡಿದರೆ √237.16 ಬರುತ್ತದೆ, ಅದು ಸರಿಯಾಗಿ 15.4. ಹೊತ್ತು 22.4/9.8, ಅಂದರೆ 2.29 ಸೆಕೆಂಡ್, 549 ಫ್ರೇಮು. ವಿಡಿಯೊದಲ್ಲಿ ಐದಾರು ಫ್ರೇಮು ಜಾಸ್ತಿ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿಕೊಂಡೆ ಅಂತಿಟ್ಟುಕೊಳ್ಳಿ.

ಎಸೆದ ವೇಗ 7 ಅಂತ ಹೇಗೆ ಗೊತ್ತಾಯಿತು ಅಂತ ಕೇಳುತ್ತೀರಿ. ಚೆಂಡು ಮೇಲೆ ಹೋಗಿ ಮತ್ತೆ ಕೈಯ ಮಟ್ಟಕ್ಕೆ ಬರುವವರೆಗಿನ ಫ್ರೇಮು ಎಣಿಸಿ. 343 ಬಂತು, 1.43 ಸೆಕೆಂಡ್. ಅದನ್ನು 4.9ರಿಂದ ಗುಣಿಸಿದರೆ 7. ನೆಲ ಮುಟ್ಟುವ ಹೊತ್ತನ್ನು ಇದರಲ್ಲಿ ಎಲ್ಲೂ ಬಳಸಿಲ್ಲ, ಹಾಗಾಗಿ ಮೋಸ ಇಲ್ಲ. ಒಂದು ಎಚ್ಚರಿಕೆ: ವಿಡಿಯೊ ಮಾಮೂಲಿ ಪ್ಲೇಯರ್‌ನಲ್ಲಿ ಎಂಟು ಪಟ್ಟು ನಿಧಾನ ಓಡಬಹುದು, ಪರದೆಯ ಸೆಕೆಂಡ್ ನಂಬಬೇಡಿ. ಕೈಯ ಮಟ್ಟವನ್ನು ವಿಡಿಯೊದಲ್ಲಿ ಹೇಗೆ ಗುರುತು ಹಾಕುತ್ತೇನೆ ಅನ್ನುವುದು ಮಾತ್ರ ನನ್ನ ಬ್ಯಾಚಿಗೇ ಇರಲಿ.

ಮಧ್ಯೆ ಟೆನಿಸ್ ಬಾಲಿನಲ್ಲೂ ನೋಡಿದೆವು. ಅದು ಹದಿನೈದು ಫ್ರೇಮಿನಷ್ಟು ತಡ ಮಾಡಿತು. ತೂಕ ಕಡಿಮೆ, ಗಾಳಿ ಹಿಡಿಯುತ್ತದೆ. ಇಲ್ಲಿ ವೇಗೋತ್ಕರ್ಷ ವೇಗದ ಮೇಲೆ ನಿಂತಿರುತ್ತದೆ, ಬರೀ t ಮೇಲಲ್ಲ. ಹಾಗಾದಾಗ ನೇರವಾಗಿ ಎರಡು ಸಲ ಇಂಟಿಗ್ರೇಟ್ ಮಾಡುವ ನಮ್ಮ ಆಟ ನಡೆಯುವುದಿಲ್ಲ. ಮಕ್ಕಳಿಗೆ ಅಷ್ಟು ಹೇಳಿ ಬಿಟ್ಟೆ.

ಚುಕ್ತಾ ನಿಯಮ ಕೈಕೊಡುವ ಇನ್ನೊಂದು ಜಾಗವಿದೆ. ಆರಂಭದ ವೇಗದ ಬದಲು, ಇಷ್ಟು ಸೆಕೆಂಡಿಗೆ ನೆಲ ಮುಟ್ಟಿತು ಅಂತ ಕೊಟ್ಟರೆ C1 ಮೊದಲ ಸಾಲಿನಲ್ಲಿ ಸಿಗುವುದಿಲ್ಲ. ಆಗ ಸಾಲ ಹೊತ್ತುಕೊಂಡೇ ಹೋಗಬೇಕು, C2 ಮೊದಲು ಸಿಗುತ್ತದೆ, C1 ಕೊನೆಗೆ. ಇದನ್ನು ಬೇರೆ ದಿನ ಹೇಳಿಕೊಡಿ, ಅದೇ ದಿನ ಬೇಡ.

ಚಿಹ್ನೆಯ ತಪ್ಪನ್ನು ಹಿಡಿಯಲು ನಾನು ಹೆಚ್ಚು ಕಷ್ಟಪಡಲಿಲ್ಲ. +9.8 ಹಾಕಿದರೆ ಬೇರಿನ ಒಳಗೆ 49 – 188.16 ಬರುತ್ತದೆ, ಬೇರು ಸಿಗುವುದಿಲ್ಲ, ಅಂದರೆ ಚೆಂಡು ನೆಲ ಮುಟ್ಟುವುದೇ ಇಲ್ಲ. "ಬಲೂನು ಎಸೆದೆಯೇನೋ" ಅಂದರೆ ಅವರೇ ತಿದ್ದಿಕೊಳ್ಳುತ್ತಾರೆ.

ಆ ಹುಡುಗಿ ಮಾತ್ರ ಅಲ್ಲಿಗೂ ಬಿಡಲಿಲ್ಲ. ಇನ್ನೊಂದು ಉತ್ತರ –0.86 ಯಾಕೆ ಹೊಡೆದು ಹಾಕಿದಿರಿ ಅಂದಳು. ಕೈಯಿಂದ ಎಸೆಯುವ 0.86 ಸೆಕೆಂಡ್ ಮೊದಲು ಕೆಳಗಿನಿಂದ ಯಾರಾದರೂ 15.4 ವೇಗದಲ್ಲಿ ಎಸೆದಿದ್ದರೆ, ಚೆಂಡು ನನ್ನ ಕೈಯ ಮಟ್ಟ ದಾಟುವಾಗ ಸರಿಯಾಗಿ 7 ಇರುತ್ತಿತ್ತು, ಆಮೇಲಿನ ದಾರಿ ಎರಡಕ್ಕೂ ಒಂದೇ ಅಂದೆ. ಭಾಮೈದನಿಗೆ ಸೈಟಿನಿಂದ ಎಸೆಯಲು ಹೇಳಿದೆವು. ಹನ್ನೆರಡು ಸಲ ಎಸೆದ. ಹನ್ನೊಂದು ಸಲ ಒಂದೋ ಪ್ಯಾರಪೆಟ್‌ಗೇ ಬರಲಿಲ್ಲ, ಇಲ್ಲಾ ನೀರಿನ ಟ್ಯಾಂಕ್ ದಾಟಿ ಹೋಯಿತು. ಒಂದು ಸಲ ಮಾತ್ರ ಕೈಯ ಮಟ್ಟ ದಾಟಿ ಮತ್ತೆ ಅಲ್ಲಿಗೇ ಬರಲು 340 ಫ್ರೇಮಿನ ಹತ್ತಿರ ತೆಗೆದುಕೊಂಡಿತು. ಆ ವಿಡಿಯೊ ಅವಳ ಹತ್ತಿರವೇ ಇದೆ.