ಮೂರು ವಾಚನ, ಒಂದು ಪ್ರಬೋಧನೆ: ಫಿಲೆಮೋನನ ಭಾನುವಾರಕ್ಕೆ ನಾನು ನಡೆಸಿದ ಸಿದ್ಧತೆ

ಕಥೋಲಿಕ ಧರ್ಮಸಭೆಯ ಭಾನುವಾರದ ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಬರುತ್ತವೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ ರೂಪುಗೊಂಡ ಈ ಕ್ರಮದ ಒಂದು ಸಂಗತಿಯನ್ನು ಪ್ರಬೋಧನೆ ಬರೆಯಲು ಕೂರುವ ಪ್ರತಿ ಗುರುವೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಸಾಧಾರಣ ಕಾಲದ ಭಾನುವಾರಗಳಲ್ಲಿ ಹಳೆಯ ಒಡಂಬಡಿಕೆಯ ಮೊದಲನೆಯ ವಾಚನವನ್ನು ಅಂದಿನ ಶುಭಸಂದೇಶಕ್ಕೆ ಹೊಂದುವಂತೆ ಆರಿಸಲಾಗಿದೆ. ಎರಡನೆಯ ವಾಚನವನ್ನು ಹಾಗೆ ಆರಿಸಿಲ್ಲ. ಅದು ಪ್ರೇಷಿತರ ಪತ್ರವೊಂದನ್ನು ವಾರದಿಂದ ವಾರಕ್ಕೆ ಮುಂದುವರಿಸುತ್ತ ತನ್ನ ಪಾಡಿಗೆ ತಾನು ಸಾಗುತ್ತದೆ. ಆಗಮನ ಕಾಲ, ತಪಸ್ಸು ಕಾಲಗಳಲ್ಲಿ ಮೂರೂ ಒಂದೇ ದಿಕ್ಕಿಗೆ ನೋಡುವುದರಿಂದ ಕೆಲಸ ಹಗುರ. ಕಷ್ಟವಿರುವುದು ಸಾಧಾರಣ ಕಾಲದಲ್ಲೇ.

ಆದ್ದರಿಂದ ನಾನು ಇಲ್ಲಿ ಹೇಳುವುದು ಅಂಥದೊಂದು ಭಾನುವಾರದ ವಿಚಾರ. ಸಾಧಾರಣ ಕಾಲದ ಇಪ್ಪತ್ತಮೂರನೆಯ ಭಾನುವಾರ, ಲೂಕರ ಶುಭಸಂದೇಶವನ್ನು ಓದುವ ಮೂರನೆಯ ವರ್ಷ; 2025ರಲ್ಲಿ ಅದು ಸೆಪ್ಟೆಂಬರ್ 7ರಂದು ಬಂತು. ಮರುದಿನವೇ ಮಾತೆ ಮರಿಯಮ್ಮನವರ ಜನನೋತ್ಸವ. ನವದಿನಗಳ ಪ್ರಾರ್ಥನೆಯಲ್ಲಿ ಮುಳುಗಿದ ಜನರ ಮುಂದೆ ಅಂದಿನ ವಾಚನಗಳನ್ನು ಬದಿಗಿಟ್ಟು ಮರಿಯಮ್ಮನವರ ಬಗ್ಗೆ ಮಾತನಾಡುವುದು ಸುಲಭದ ದಾರಿ. ಹಬ್ಬದ ಮಾತಿಗೆ ಹಬ್ಬದ ದಿನವೇ ಇದೆಯೆಂದು ನಾನು ಅದನ್ನು ಬಿಟ್ಟೆ.

ಅಂದಿನ ಶುಭಸಂದೇಶ ಲೂಕ ಹದಿನಾಲ್ಕನೆಯ ಅಧ್ಯಾಯದ 25ರಿಂದ 33ರವರೆಗಿನ ವಚನಗಳು. ಹಿಂದೆ ಬರುತ್ತಿದ್ದ ದೊಡ್ಡ ಜನಸಮೂಹದ ಕಡೆಗೆ ಯೇಸುಸ್ವಾಮಿ ತಿರುಗಿ, ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ, ಯುದ್ಧಕ್ಕೆ ಹೊರಟ ಅರಸ ತನ್ನ ಸೈನ್ಯವನ್ನು ಎಣಿಸಿಕೊಳ್ಳುವುದಿಲ್ಲವೇ ಎಂದು ಕೇಳುತ್ತಾರೆ. ಮೊದಲನೆಯ ವಾಚನ ಜ್ಞಾನಗ್ರಂಥದ ಒಂಬತ್ತನೆಯ ಅಧ್ಯಾಯದ ಪ್ರಾರ್ಥನೆ: ದೇವರ ಆಲೋಚನೆಯನ್ನು ಅರಿತವರು ಯಾರು, ಮನುಷ್ಯರ ಎಣಿಕೆಗಳೆಲ್ಲ ಅಸ್ಥಿರ. ಎರಡನೆಯದು ಪೌಲರು ಫಿಲೆಮೋನನಿಗೆ ಬರೆದ ಪುಟ್ಟ ಪತ್ರದ ಭಾಗ. ಇಡೀ ಮೂರು ವರ್ಷಗಳ ಭಾನುವಾರಗಳಲ್ಲಿ ಆ ಪತ್ರವನ್ನು ಓದುವುದು ಇದೊಂದು ದಿನ ಮಾತ್ರ.

ನಾನು ಯಾವಾಗಲೂ ಶುಭಸಂದೇಶದಿಂದ ಆರಂಭಿಸುತ್ತೇನೆ; ಅದರಲ್ಲಿ ನನಗೆ ಎಲ್ಲಿ ಎಡವಿದಂತಾಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತೇನೆ. ಇಲ್ಲಿ ಎಡವುವ ಜಾಗ ಕೊನೆಯ ವಚನ. ಎರಡೂ ಸಾಮತಿಗಳು ನಿನ್ನ ಬಳಿ ಸಾಕಷ್ಟು ಇದೆಯೇ ನೋಡಿಕೋ ಎನ್ನುತ್ತವೆ. ಅದರ ಬೆನ್ನಿಗೇ ಬರುವ ತೀರ್ಮಾನ, ಇರುವುದೆಲ್ಲವನ್ನೂ ತೊರೆಯದವನು ನನ್ನ ಶಿಷ್ಯನಾಗಲಾರ ಎನ್ನುತ್ತದೆ. ಲೆಕ್ಕ ಹಾಕು ಎಂದವರೇ ಲೆಕ್ಕದ ಬಂಡವಾಳವನ್ನೂ ಬಿಡು ಎಂದರೆ ಹೇಗೆ? ಈ ಪ್ರಶ್ನೆಯನ್ನು ಹಿಡಿದು ಮೊದಲನೆಯ ವಾಚನಕ್ಕೆ ಹೋದಾಗ, ಅದನ್ನು ಇಲ್ಲಿ ಏಕೆ ಜೋಡಿಸಿದ್ದಾರೆಂಬುದು ತಿಳಿಯಿತು. ಮನುಷ್ಯನ ಲೆಕ್ಕ ಎಲ್ಲಿಗೆ ನಿಲ್ಲುತ್ತದೆಂದು ಜ್ಞಾನಗ್ರಂಥ ಹೇಳುತ್ತದೆ. ಎರಡೂ ಒಂದೇ ಮಾತನ್ನು ಆಡುತ್ತಿಲ್ಲ, ಒಂದನ್ನೊಂದು ಪ್ರಶ್ನಿಸುತ್ತಿವೆ. ನಡುವೆ ಹಾಡುವ ತೊಂಬತ್ತನೆಯ ಕೀರ್ತನೆಯಲ್ಲಿ ನಮ್ಮ ದಿನಗಳನ್ನು ಎಣಿಸಲು ಕಲಿಸು ಎಂಬ ಬೇಡಿಕೆಯಿದೆ. ಎಣಿಕೆ ಅಲ್ಲಿಯೂ ಇದೆ, ಆದರೆ ಅದನ್ನು ಕಲಿಸುವವನು ದೇವರು. ವಾಚನಗಳ ನಡುವಿನ ಸೇತುವೆ ಅನೇಕ ವೇಳೆ ಕೀರ್ತನೆಯಲ್ಲೇ ಇರುತ್ತದೆ. ಹಾಡಿಗೆಂದು ಅದನ್ನು ಗಾಯಕವೃಂದಕ್ಕೆ ಒಪ್ಪಿಸಿ ಮರೆತುಬಿಡುವವರೇ ಹೆಚ್ಚು.

ಫಿಲೆಮೋನನ ಪತ್ರವನ್ನು ಕೊನೆಗೆ ಎತ್ತಿಕೊಂಡೆ, ಅದನ್ನೂ ಮೊದಲು ಇಡಿಯಾಗಿ ಓದಿದೆ. ಇಪ್ಪತ್ತೈದೇ ವಚನಗಳ ಪತ್ರವಾದ್ದರಿಂದ ಅದಕ್ಕೆ ಹೆಚ್ಚು ಹೊತ್ತು ಬೇಡ. ಬಲಿಪೂಜೆಯಲ್ಲಿ ಓದುವುದು 9, 10 ಹಾಗೂ 12ರಿಂದ 17ರವರೆಗಿನ ವಚನಗಳನ್ನು. ಗುಲಾಮನಾದ ಒನೇಸಿಮನನ್ನು ಪೌಲರು ಯಜಮಾನನ ಬಳಿಗೆ ಮರಳಿ ಕಳಿಸುತ್ತ, ಇನ್ನು ಮೇಲೆ ಅವನನ್ನು ಗುಲಾಮನಂತಲ್ಲ, ಪ್ರಿಯ ಸಹೋದರನಂತೆ ಬರಮಾಡಿಕೋ ಎಂದು ಕೇಳಿಕೊಳ್ಳುತ್ತಾರೆ. ವಾಚನ ಅಲ್ಲಿಗೆ ಮುಗಿಯುತ್ತದೆ. ಅದರ ಮುಂದಿನ ವಚನದಲ್ಲೇ, ಅವನಿಂದ ನಿನಗೆ ಏನಾದರೂ ನಷ್ಟವಾಗಿದ್ದರೆ, ಸಾಲವಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು ಎಂದು ಪೌಲರು ಬರೆದಿದ್ದಾರೆ. ಲೆಕ್ಕ ಹಾಕುವವನ ಸಾಮತಿಯನ್ನು ಓದುವ ದಿನ, ಲೆಕ್ಕದ ಮಾತು ಬರುವ ಒಂದು ವಚನದ ಹಿಂದೆಯೇ ವಾಚನ ನಿಂತಿತ್ತು! ಇದು ಯಾರೋ ಉದ್ದೇಶಪಟ್ಟು ಕೂಡಿಸಿದ್ದಲ್ಲ. ಪತ್ರಗಳ ಸರದಿಯಲ್ಲಿ ಇಬ್ರಿಯರಿಗೆ ಬರೆದ ಪತ್ರ ಮುಗಿದು ಫಿಲೆಮೋನನ ಪತ್ರ ಬಂದಿದೆ, ಅಷ್ಟೆ. ಆದರೂ ನನಗೆ ಎಳೆ ಸಿಕ್ಕಿತು. ಇರುವುದೆಲ್ಲವನ್ನೂ ತೊರೆ ಎಂಬ ಮಾತು ಒಬ್ಬ ಮನೆಯ ಯಜಮಾನನ ಹೊಸ್ತಿಲಿಗೆ ಬಂದು ನಿಂತರೆ ಹೇಗಿರುತ್ತದೆ ಎಂಬುದನ್ನು ಈ ಪತ್ರ ತೋರಿಸುತ್ತದೆ. ಏಕೆಂದರೆ ಅಂದಿನ ಕಾನೂನಿನ ಪ್ರಕಾರ ಒನೇಸಿಮನೇ ಫಿಲೆಮೋನನ ಆಸ್ತಿ.

ಇಷ್ಟಾದ ಮೇಲೆ ಇಡೀ ಪ್ರಬೋಧನೆಯನ್ನು ಒಂದು ವಾಕ್ಯದಲ್ಲಿ ಬರೆಯುತ್ತೇನೆ. ಅಂದು ಬರೆದದ್ದು: ‘ಯೇಸುವನ್ನು ಹಿಂಬಾಲಿಸುವ ಖರ್ಚನ್ನು ಲೆಕ್ಕ ಹಾಕಿದರೆ, ನನ್ನದು ಎಂದುಕೊಂಡಿದ್ದ ಒಬ್ಬ ಮನುಷ್ಯನನ್ನು ಸಹೋದರನೆಂದು ಬರೆದುಕೊಳ್ಳಬೇಕಾಗುತ್ತದೆ, ಆ ಲೆಕ್ಕವನ್ನು ದೇವರ ಆತ್ಮವಿಲ್ಲದೆ ಮಾಡಲಾಗದು.’ ಈ ವಾಕ್ಯದಿಂದ ಯಾವ ವಾಚನವನ್ನು ತೆಗೆದರೂ ಒಂದು ತುಂಡು ಬಿದ್ದುಹೋಗುತ್ತದೆ. ನನ್ನ ಪರೀಕ್ಷೆ ಅದೇ. ವಾಕ್ಯಕ್ಕೆ ಏನೂ ಆಗದಿದ್ದರೆ ಆ ವಾಚನವನ್ನು ಬರಿದೇ ಅಂಟಿಸಿದ್ದೇನೆಂದು ಅರ್ಥ. ಮೂರು ವಾಚನಗಳಿಗೂ ‘ಪ್ರೀತಿ’, ‘ವಿಶ್ವಾಸ’ ಎಂಬಂಥ ಒಂದೇ ತಲೆಬರಹ ಕೊಡುವುದನ್ನು ನಾನು ಒಪ್ಪುವುದಿಲ್ಲ. ಆ ಮಾತುಗಳ ಅಡಿಯಲ್ಲಿ ಶ್ರೀಗ್ರಂಥದ ಯಾವ ಪುಟವನ್ನಾದರೂ ಕೂರಿಸಬಹುದು.

ಹೇಳುವಾಗ ಓದಿದ ಕ್ರಮವನ್ನು ಅನುಸರಿಸಬೇಕಾಗಿಲ್ಲ. ‘ಮೊದಲನೆಯ ವಾಚನದಲ್ಲಿ ನಾವು ಕೇಳಿದೆವು, ಎರಡನೆಯ ವಾಚನದಲ್ಲಿ ನಾವು ಕೇಳಿದೆವು’ ಎಂದು ಹಾಜರಿ ಕರೆದಂತೆ ಸಾಗುವ ಪ್ರಬೋಧನೆ ಮೂರು ಚಿಕ್ಕ ಪ್ರಬೋಧನೆಗಳಾಗಿ ಒಡೆಯುತ್ತದೆ, ಮೂರಕ್ಕೂ ಸಮಯ ಸಾಲುವುದಿಲ್ಲ. ಅಂದು ನಾನು ಫಿಲೆಮೋನನ ಮನೆಯಿಂದ ಆರಂಭಿಸಿದೆ, ಏಕೆಂದರೆ ಆ ಕಥೆಯ ಹಿನ್ನೆಲೆ ಜನರಿಗೆ ಗೊತ್ತಿರಲಿಲ್ಲ. ಪತ್ರವನ್ನು ಅವನ ಮನೆಯಲ್ಲಿ ಸೇರುವ ಸಭೆಗೂ ಉದ್ದೇಶಿಸಿ ಬರೆದಿರುವುದರಿಂದ, ಅವನು ಉತ್ತರ ಕೊಡಬೇಕಾದದ್ದು ಎಲ್ಲರ ಎದುರಿಗೆ ಎಂದು ವಿವರಿಸಿದೆ. ಅವನು ಕುಳಿತು ಲೆಕ್ಕ ಹಾಕುವಲ್ಲಿಗೆ ಬಂದಾಗ ಗೋಪುರದ ಸಾಮತಿ ತಾನಾಗಿ ಬಂತು. ಅವನ ಲೆಕ್ಕ ಕೂಡದಿರುವಲ್ಲಿ ಜ್ಞಾನಗ್ರಂಥದ ಪ್ರಾರ್ಥನೆ ಬಂತು. ಆಮೇಲೆ ನಮ್ಮ ಊರಿಗೆ ಬಂದೆ: ಮುಂಗಡ ಸಾಲ ಕೊಟ್ಟು ತೋಟಕ್ಕೆ ಇಟ್ಟುಕೊಂಡ ಆಳು, ಮನೆಗೆಲಸದ ಹುಡುಗಿ, ಅವರ ಹೆಸರಿನ ಮುಂದೆ ನಾವು ಬರೆದಿಟ್ಟ ಬಾಕಿ. ಇದನ್ನು ಹೇಳುವಾಗ ಒಬ್ಬಿಬ್ಬರು ತಲೆ ತಗ್ಗಿಸಿದರು. ಎಲ್ಲರೂ ಎಲ್ಲಿದ್ದೇವೆಂದು ತಿಳಿದು ಕೇಳುತ್ತಿದ್ದರು.

ಎಚ್ಚರ ವಹಿಸಿದ ಜಾಗಗಳೂ ಇವೆ. ಒನೇಸಿಮ ಓಡಿಹೋದವನೆಂದು ರೂಢಿಯಲ್ಲಿ ಹೇಳುತ್ತೇವೆ, ಪತ್ರದಲ್ಲಿ ಅದು ಸ್ಪಷ್ಟವಾಗಿ ಇಲ್ಲ. ಗುಲಾಮಗಿರಿಯನ್ನೇ ರದ್ದುಮಾಡು ಎಂದೂ ಪೌಲರು ಬರೆದಿಲ್ಲ. ಎಳೆ ಚೆಂದವಾಗಿ ಕೂಡಲೆಂದು ಪಠ್ಯದ ಬಾಯಲ್ಲಿ ಇಲ್ಲದ ಮಾತನ್ನು ಹಾಕಬಾರದು. ಓದದೇ ಉಳಿದ ವಚನವನ್ನು ಬಳಸಿದಾಗ, ಇದು ಇಂದು ಓದಿದ್ದರ ಮುಂದಿನ ಸಾಲು ಎಂದು ಬಾಯಿಬಿಟ್ಟು ಹೇಳಿದೆ.

ಎಲ್ಲ ಭಾನುವಾರಗಳೂ ಹೀಗೆ ಒದಗುವುದಿಲ್ಲ. ಅದರ ಹಿಂದಿನ ವಾರ ಶುಭಸಂದೇಶದಲ್ಲಿ ಔತಣದ ಕಡೆಯ ಸ್ಥಾನದ ಮಾತು, ಮೊದಲನೆಯ ವಾಚನದಲ್ಲಿ ವಿನಯದ ಮಾತು. ಎರಡನೆಯದರಲ್ಲಿ ಇಬ್ರಿಯರಿಗೆ ಬರೆದ ಪತ್ರದ ಸಿಯೋನ್ ಪರ್ವತ. ಔತಣಕ್ಕೂ ಸಿಯೋನಿಗೂ ಗಂಟು ಹಾಕಲು ಹೆಣಗುವ ಬದಲು, ವಾಚನಕ್ಕೆ ಮೊದಲು ಓದಲು ಎರಡು ವಾಕ್ಯಗಳ ಪೀಠಿಕೆ ಬರೆದು ವಾಚಕರ ಕೈಗೆ ಕೊಟ್ಟೆ. ಪ್ರಬೋಧನೆಯಲ್ಲಿ ಆ ಪತ್ರವನ್ನು ಪ್ರಸ್ತಾಪಿಸಲೇ ಇಲ್ಲ.